ಸ್ವಿಚ್ ಆಫ್, ವ್ಯಾಪ್ತಿಯ ಹೊರಗೆ, ಅಸ್ತಿತ್ವದಲ್ಲಿಲ್ಲ

ಫೋನ್ ಆಫ್ ಮಾಡುವಾಗ ಅದು ಟವರಿಗೆ ‘ನಾನು ಹೊರಟೆ’ ಎಂದು ಚಿಕ್ಕ ಸಂದೇಶ ಕಳಿಸಿ ಆರುತ್ತದೆ. ಆಮೇಲೆ ಕರೆ ಮಾಡಿದವರಿಗೆ ಕೇಳುವುದು ‘ಸ್ವಿಚ್ ಆಫ್’. ಫ್ಲೈಟ್ ಮೋಡ್‌ಗೆ ಹಾಕಿದರೂ ಸಾಮಾನ್ಯವಾಗಿ ಇದೇ ಮಾತು.

ಶಿರಾಡಿ ಘಾಟಿಯಲ್ಲಿ ಬಸ್ಸು ಸಿಗ್ನಲ್ ಇಲ್ಲದ ತಿರುವಿಗೆ ಹೊಕ್ಕಿತೆನ್ನಿ. ವಿದಾಯದ ಸಂದೇಶ ಹೋಗಿರುವುದಿಲ್ಲ. ನೆಟ್‌ವರ್ಕ್ ಕೊನೆಯದಾಗಿ ಕಂಡ ಪ್ರದೇಶದ ಟವರುಗಳಿಂದ ಕೂಗುತ್ತದೆ, ಉತ್ತರ ಬಾರದಿದ್ದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎನ್ನುತ್ತದೆ. ಬ್ಯಾಟರಿ ಕಿತ್ತರೂ ಹಾಗೆಯೇ. ಆದರೆ ಗಂಟೆಗಟ್ಟಲೆ ಸುಳಿವಿಲ್ಲದಿದ್ದರೆ ನೆಟ್‌ವರ್ಕೇ ಅದನ್ನು ಆಫ್ ಎಂದು ಬರೆದುಕೊಳ್ಳುತ್ತದೆ. ಹಾಗಾಗಿ ಈ ಎರಡು ಮಾತುಗಳಿಂದ ಮನುಷ್ಯನ ಉದ್ದೇಶ ಊಹಿಸುವುದು ದುಡುಕು.

‘ಅಸ್ತಿತ್ವದಲ್ಲಿಲ್ಲ’ ಎಂಬುದು ಫೋನಿನ ಸುದ್ದಿಯಲ್ಲ, ದಾಖಲೆಯದು: ಆ ಸಂಖ್ಯೆ ಸದ್ಯ ಯಾರ ಹೆಸರಿನಲ್ಲೂ ಚಾಲ್ತಿಯಲ್ಲಿಲ್ಲ. ಮೊದಲು ಅಂಕಿ ತಪ್ಪಿತೇ ನೋಡಿ. ಭಾರತದಲ್ಲಿ ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆಮೇಲೆ ಎತ್ತುವವರು ಅಪರಿಚಿತರಿರಬಹುದು.