ಗುಮಾಸ್ತರ ವೈದ್ಯಕೀಯ ರಜೆ: ಕಡತ ಯಾರ ಕೈಗೆ?

ತಾಲ್ಲೂಕು ಕಚೇರಿಗೆ ಹೋದವರಿಗೆ ಈ ಉತ್ತರ ಹೊಸದಲ್ಲ: "ಆ ಸೆಕ್ಷನ್‌ನವರು ರಜೆ ಮೇಲಿದ್ದಾರೆ, ಬಂದ ಮೇಲೆ ಬನ್ನಿ." ಯಾವಾಗ ಬರುತ್ತಾರೆ ಎಂದು ಕೇಳಿದರೆ ಯಾರಿಗೂ ತಿಳಿದಿರುವುದಿಲ್ಲ. ಕಾಯಿಲೆ ಯಾರಿಗೂ ಹೇಳಿ ಬರುವುದಿಲ್ಲ, ರಜೆ ಹಾಕಿದವರ ತಪ್ಪೂ ಅದರಲ್ಲಿಲ್ಲ. ಆದರೆ ಅವರು ಕೊಟ್ಟ ರಜೆ ಅರ್ಜಿಯಲ್ಲಿ ಇನ್ನೊಂದು ಹತ್ತು ಸಾಲು ಇದ್ದಿದ್ದರೆ ರೈತನೊಬ್ಬ ಮತ್ತೆ ಬಸ್ ಹತ್ತಿ ಬರಬೇಕಾಗುತ್ತಿರಲಿಲ್ಲ. ಆ ಹತ್ತು ಸಾಲಿನಲ್ಲಿ ಏನಿರಬೇಕು ಎಂಬುದನ್ನು ಒಂದು ಕಲ್ಪಿತ ಪ್ರಕರಣ ಇಟ್ಟುಕೊಂಡೇ ನೋಡೋಣ.

ತಾಲ್ಲೂಕು ಕಚೇರಿಯ ಭೂದಾಖಲೆ ಶಾಖೆಯಲ್ಲಿ ಒಬ್ಬ ದ್ವಿತೀಯ ದರ್ಜೆ ಸಹಾಯಕರು. ಹರ್ನಿಯಾ ಶಸ್ತ್ರಚಿಕಿತ್ಸೆಗೆ 2025ರ ಜೂನ್ 9, ಸೋಮವಾರ ಆಸ್ಪತ್ರೆಗೆ ಸೇರಬೇಕು. ಅಂದಿನಿಂದ ಜೂನ್ 28ರವರೆಗೆ, ಒಟ್ಟು 20 ದಿನ ವಿಶ್ರಾಂತಿ ಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಜೂನ್ 5ರಂದು ಅವರು ತಹಶೀಲ್ದಾರರಿಗೆ ಅರ್ಜಿ ಬರೆಯಲು ಕೂತಿದ್ದಾರೆ.

ಮೊದಲ ಪ್ರಶ್ನೆ, ಯಾವ ರಜೆ? ಮಾತಿನಲ್ಲಿ ಎಲ್ಲರೂ 'ಮೆಡಿಕಲ್ ಲೀವ್' ಎನ್ನುತ್ತಾರೆ. ರಾಜ್ಯದ ನಾಗರಿಕ ಸೇವಾ ನಿಯಮಗಳಲ್ಲಿ ಇಂಥ ಸಂದರ್ಭಕ್ಕೆ ಸಾಮಾನ್ಯವಾಗಿ ಒದಗುವುದು ಪರಿವರ್ತಿತ ರಜೆ. ನೌಕರರ ಖಾತೆಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಸೇರುತ್ತದೆ. ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಅದನ್ನು ಪೂರ್ಣ ವೇತನದ ರಜೆಯಾಗಿ ಪರಿವರ್ತಿಸಿಕೊಳ್ಳಬಹುದು. ಆದರೆ ಒಂದು ದಿನಕ್ಕೆ ಎರಡು ದಿನದಂತೆ ಖಾತೆಯಿಂದ ಕಳೆಯುತ್ತಾರೆ. ನಮ್ಮ ಸಹಾಯಕರ ಖಾತೆಯಲ್ಲಿ 90 ದಿನ ಇದೆ ಎನ್ನೋಣ. 20 ದಿನದ ರಜೆಗೆ 40 ಹೋಗಿ 50 ಉಳಿಯುತ್ತದೆ. ನಡುವೆ ಬರುವ ಭಾನುವಾರಗಳೂ ಎರಡನೇ ಶನಿವಾರವೂ ಈ 20ರಲ್ಲೇ ಸೇರಿಹೋಗುತ್ತವೆ. ಗಳಿಕೆ ರಜೆಯನ್ನೂ ಕೇಳಬಹುದು. ಆದರೆ ಅದನ್ನು 300 ದಿನದವರೆಗೆ ಉಳಿಸಿಕೊಂಡರೆ ನಿವೃತ್ತಿಯ ಹೊತ್ತಿಗೆ ನಗದಾಗುತ್ತದೆ. ಹಾಗಾಗಿ ಕಾಯಿಲೆಗೆ ಪರಿವರ್ತಿತ ರಜೆಯನ್ನೇ ಬಳಸುವುದು ಜಾಣತನ. 'ರಜೆ ಮಂಜೂರು ಮಾಡಿ' ಎಂದಷ್ಟೇ ಬರೆದರೆ ಈ ಆಯ್ಕೆ ಸಿಬ್ಬಂದಿ ಶಾಖೆಯವರ ಪಾಲಾಗುತ್ತದೆ.

ಎರಡನೆಯದು ವೈದ್ಯರ ಪ್ರಮಾಣಪತ್ರ. ಔಷಧ ಚೀಟಿಯಾಗಲಿ ಆಸ್ಪತ್ರೆಯ ಬಿಲ್ಲಾಗಲಿ ಇದಕ್ಕೆ ಬದಲಿಯಲ್ಲ. ನೋಂದಾಯಿತ ವೈದ್ಯರು ತಾವೇ ಪರೀಕ್ಷಿಸಿದ್ದೇವೆಂದು ಹೇಳಿ, ಕಾಯಿಲೆಯ ಹೆಸರು, ಎಂದಿನಿಂದ ಎಷ್ಟು ದಿನ ಕೆಲಸಕ್ಕೆ ಹೋಗಬಾರದು ಎಂಬುದನ್ನು ಬರೆದು, ನೋಂದಣಿ ಸಂಖ್ಯೆ ಸಮೇತ ಸಹಿ ಹಾಕಿರಬೇಕು. ರೋಗಿಯ ಸಹಿಯೂ ಅದೇ ಹಾಳೆಯಲ್ಲಿರಬೇಕು. 'ಅನಾರೋಗ್ಯದ ಕಾರಣ ವಿಶ್ರಾಂತಿ ಅಗತ್ಯ' ಎಂಬ ಒಂದೇ ಸಾಲಿನ ಪತ್ರ, ಅಥವಾ ಕೆಲಸಕ್ಕೆ ಮರಳಿದ ದಿನ ಬರೆಸಿ ಹಿಂದಿನ ತಾರೀಖು ಹಾಕಿಸಿದ ಪತ್ರ, ಕಂಡ ಕೂಡಲೇ ಅನುಮಾನ ಹುಟ್ಟಿಸುತ್ತದೆ. ಅನುಮಾನ ಬಂದರೆ ಸರ್ಕಾರಿ ವೈದ್ಯರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸುವ ಅಧಿಕಾರ ಮಂಜೂರು ಮಾಡುವವರಿಗೆ ಇದೆ. ಪ್ರಮಾಣಪತ್ರ ಕೊಟ್ಟ ಮಾತ್ರಕ್ಕೆ ರಜೆ ಸಿಕ್ಕಿತು ಎಂದುಕೊಳ್ಳುವವರು ಬಹಳ. ಅದು ವೈದ್ಯರ ಶಿಫಾರಸು, ಆದೇಶ ಹೊರಡಬೇಕಾದದ್ದು ಕಚೇರಿಯಿಂದ.

ಇನ್ನು ಮರಳುವ ತಾರೀಖು. ಅವಧಿ ಮುಗಿದ ಮೇಲೆ ನೌಕರರು ಕರ್ತವ್ಯಕ್ಕೆ ಮರಳುತ್ತಾರೆಂದು ನಂಬಲು ಕಾರಣವಿದ್ದರೆ ಮಾತ್ರ ಪರಿವರ್ತಿತ ರಜೆ ಕೊಡಬೇಕೆಂಬುದು ನಿಯಮದ ಆಶಯ. ಆದ್ದರಿಂದ ತಾರೀಖು ಬರೆಯುವುದು ಬರೀ ಸೌಜನ್ಯವಲ್ಲ. ನಮ್ಮ ಪ್ರಕರಣದಲ್ಲಿ ಜೂನ್ 28 ಶನಿವಾರ, ಮರುದಿನ ಭಾನುವಾರ. ಆ ಭಾನುವಾರವನ್ನು ರಜೆಯ ಕೊನೆಗೆ ಸೇರಿಸಿಕೊಳ್ಳಲು ಅನುಮತಿ ಕೋರಿ, 'ಜೂನ್ 30ರ ಸೋಮವಾರ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗುವ ಸಂಭವವಿದೆ' ಎಂದು ಬರೆಯಬೇಕು. ಆಸ್ಪತ್ರೆ ಬೇರೆ ಊರಿನಲ್ಲಿದ್ದರೆ ಕೇಂದ್ರಸ್ಥಾನ ಬಿಡಲು ಅನುಮತಿಯನ್ನೂ, ರಜೆಯಲ್ಲಿರುವಾಗಿನ ವಿಳಾಸವನ್ನೂ ಫೋನ್ ನಂಬರನ್ನೂ ಕೂಡಿಸಬೇಕು.

ಇಷ್ಟನ್ನು ಬಹುತೇಕ ಗುಮಾಸ್ತರು ಹೇಗೋ ಬರೆದುಬಿಡುತ್ತಾರೆ. ಬಿಟ್ಟುಹೋಗುವುದು ಕಡತಗಳ ಮಾತು. 'ನನ್ನ ಕೆಲಸವನ್ನು ಸಹೋದ್ಯೋಗಿಗಳು ನೋಡಿಕೊಳ್ಳುತ್ತಾರೆ' ಎಂಬ ಸಾಲು ಅನೇಕ ಅರ್ಜಿಗಳಲ್ಲಿರುತ್ತದೆ. ಅದರಿಂದ ಯಾರಿಗೂ ಹೊಣೆ ಬೀಳುವುದಿಲ್ಲ. ಸಹೋದ್ಯೋಗಿಯ ಹೆಸರು ಹೇಳಿ, ಅವರ ಒಪ್ಪಿಗೆಯ ಸಹಿ ಪಡೆದು, ಅವರಿಗೆ ಪ್ರಭಾರ ವಹಿಸುವಂತೆ ಕೋರಿದರೆ ತಹಶೀಲ್ದಾರರು ಪ್ರಭಾರದ ಆದೇಶ ಹೊರಡಿಸುವುದು ಸುಲಭ. ಆ ಆದೇಶವಿಲ್ಲದೆ ಪಕ್ಕದ ಟೇಬಲ್‌ನವರು ಕಡತ ಮುಟ್ಟಲು ಹಿಂಜರಿದರೆ ಅವರನ್ನು ದೂರುವಂತಿಲ್ಲ.

ಬಾಕಿ ಕಡತಗಳ ಪಟ್ಟಿ ಎಂದರೆ ಬೀರುವಿನಲ್ಲಿರುವ ಎಲ್ಲದರ ಪಟ್ಟಿಯಲ್ಲ. ರಜೆಯ 20 ದಿನದೊಳಗೆ ಗಡುವು ಬೀಳುವ ಕಡತಗಳು ಯಾವುವು ಎಂಬುದೇ ಮುಖ್ಯ. ನಮ್ಮ ಸಹಾಯಕರ ಬಳಿ ಅಂಥವು ಎರಡಿವೆ. ಒಂದು, ಮೇ 19ರಂದು ಬಂದ ಮಾಹಿತಿ ಹಕ್ಕು ಅರ್ಜಿ. 30 ದಿನದ ಗಡುವು ಜೂನ್ 18ಕ್ಕೆ ಮುಗಿಯುತ್ತದೆ. ಗುಮಾಸ್ತರ ಕಾಯಿಲೆಗಾಗಿ ಆ ಗಡುವು ನಿಲ್ಲುವುದಿಲ್ಲ. ತಡವಾದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ವಿಧಿಸಲು ಆಯೋಗಕ್ಕೆ ಅಧಿಕಾರವಿದೆ. ಮಾಹಿತಿ ಅಧಿಕಾರಿ ಯಾರ ನೆರವು ಕೋರಿದ್ದಾರೋ ಆ ಅಧಿಕಾರಿಯನ್ನೂ ಹೊಣೆಗಾರರೆಂದು ಕಾಯ್ದೆ ಪರಿಗಣಿಸುತ್ತದೆ. ಆದ್ದರಿಂದ ಅರ್ಜಿಯಲ್ಲಿ ಈ ಕಡತದ ಬಗ್ಗೆ ಹೀಗಿರಲಿ: 'ಕೋರಿದ ದಾಖಲೆಗಳ ಪೈಕಿ ಪಹಣಿ ಪ್ರತಿಗಳು ಸಿದ್ಧವಿದ್ದು ಕಡತದಲ್ಲಿವೆ. ಮ್ಯುಟೇಶನ್ ಪ್ರತಿಯನ್ನು ಅಭಿಲೇಖಾಲಯದಿಂದ ಪಡೆಯಬೇಕಿದೆ. ಜೂನ್ 18ರೊಳಗೆ ಉತ್ತರ ರವಾನಿಸಬೇಕು.' ಎಲ್ಲಿಗೆ ನಿಂತಿದೆ, ಮುಂದೇನು, ಎಂದಿಗೆ ಎಂಬ ಮೂರೂ ಇದರಲ್ಲಿವೆ.

ಎರಡನೆಯದು ಹೈಕೋರ್ಟ್ ಪ್ರಕರಣ. ಸರ್ಕಾರಿ ವಕೀಲರಿಗೆ ಜೂನ್ 16ರೊಳಗೆ ಕಂಡಿಕೆವಾರು ಉತ್ತರ ಕಳಿಸಬೇಕು. ಇಂಥ ಕಡತವನ್ನು ಪಟ್ಟಿಯಲ್ಲಿ ಬರೆದು ಹೊರಟರೆ ಸಾಲದು. ಹಿನ್ನೆಲೆ ಗೊತ್ತಿಲ್ಲದವರು ಅರ್ಜಿದಾರರ ಒಂದೊಂದು ಆರೋಪಕ್ಕೂ ಉತ್ತರ ಬರೆಯುವುದು ಕಷ್ಟ. ಕರಡನ್ನು ತಾವೇ ಬರೆದು, ಟಿಪ್ಪಣಿಯೊಂದಿಗೆ ಶಿರಸ್ತೇದಾರರ ಕೈಗೆ ಕೊಟ್ಟು ಹೋಗಬೇಕಾದ ಒಂದೇ ಕಡತ ಇದು. ಅದೇ ಭೂಮಾಪಕರ ವರದಿಗೆ ಕಳಿಸಿರುವ ಕಡತಕ್ಕೆ ಒಂದು ಸಾಲು ಸಾಕು. ಅದು ಎಲ್ಲಿದೆ ಎಂದು ತಿಳಿದರೆ ವಿಚಾರಿಸಲು ಬಂದ ರೈತನಿಗೆ ಹೇಳಬಹುದು.

ಕಡತಗಳೆಲ್ಲ ಇ-ಆಫೀಸ್‌ಗೆ ಹೋದ ಮೇಲೆ ಇನ್ನೊಂದು ತೊಡಕು ಬಂದಿದೆ. ಬೀರುವಾದರೆ ಕೀಲಿ ಕೊಟ್ಟು ಹೋಗಬಹುದಿತ್ತು. ಕಂಪ್ಯೂಟರಿನಲ್ಲಿ ಕಡತ ಗುಮಾಸ್ತರ ಲಾಗಿನ್‌ನಲ್ಲೇ ಕೂತಿರುತ್ತದೆ. ಪಾಸ್‌ವರ್ಡ್ ಬರೆದುಕೊಟ್ಟು ಹೋಗುವವರಿದ್ದಾರೆ, ಅದು ಸರ್ವಥಾ ಕೂಡದು. ರಜೆಯಲ್ಲಿದ್ದಾಗ ತಮ್ಮ ಹೆಸರಿನಲ್ಲಿ ಬಿದ್ದ ಟಿಪ್ಪಣಿಗೆ ನಾಳೆ ತಾವೇ ಉತ್ತರ ಹೇಳಬೇಕಾಗುತ್ತದೆ. ಗಡುವಿನ ಕಡತಗಳನ್ನು ಹೊರಡುವ ಮುನ್ನವೇ ಪ್ರಭಾರದವರಿಗೋ ಶಿರಸ್ತೇದಾರರಿಗೋ ರವಾನಿಸಬೇಕು. ಹಠಾತ್ತನೆ ಆಸ್ಪತ್ರೆ ಸೇರಿದ್ದರೆ, ಕಡತಗಳನ್ನು ವರ್ಗಾಯಿಸಿಕೊಳ್ಳುವಂತೆ ಅರ್ಜಿಯಲ್ಲೇ ಕೋರಬೇಕು. ಆ ಅರ್ಜಿಯನ್ನು ಮನೆಯವರ ಕೈಲಿ ಕಳಿಸಿದರೂ ನಡೆಯುತ್ತದೆ.

ಹಾಜರಾಗುವ ದಿನ ಇನ್ನೊಂದು ಪ್ರಮಾಣಪತ್ರ ಬೇಕು, ಕರ್ತವ್ಯಕ್ಕೆ ಅರ್ಹರೆಂದು ವೈದ್ಯರು ಕೊಡುವಂಥದ್ದು. ಹರ್ನಿಯಾ ಆದವರಿಗೆ ಕೆಲವು ವಾರ ಭಾರ ಎತ್ತಬಾರದೆಂದು ವೈದ್ಯರು ಹೇಳಿದ್ದರೆ ಅದನ್ನೂ ಅದರಲ್ಲೇ ಬರೆಸಿಕೊಳ್ಳಬೇಕು. ಅಭಿಲೇಖಾಲಯದ ದಾಖಲೆ ಕಟ್ಟುಗಳು ಹಗುರವಲ್ಲ. ಗಾಯ ಮಾಯದೆ ಜೂನ್ 30ಕ್ಕೆ ಬರಲಾಗದು ಎಂದು ಕಂಡರೆ 28ಕ್ಕೆ ಮೊದಲೇ ಹೊಸ ಪ್ರಮಾಣಪತ್ರದೊಂದಿಗೆ ವಿಸ್ತರಣೆ ಕೋರಬೇಕು. ಅವಧಿ ಮುಗಿದ ಮೇಲೆ ಸುಮ್ಮನೆ ಉಳಿದ ದಿನಗಳು ಅನಧಿಕೃತ ಗೈರುಹಾಜರಿಯಾಗಿ ಸಂಬಳಕ್ಕೂ ಸೇವಾ ವಹಿಗೂ ತಾಗುತ್ತವೆ. ಪ್ರಭಾರದ ಆದೇಶವೂ ಮೊದಲಿನ ತಾರೀಖಿಗೇ ಮುಗಿಯುವುದರಿಂದ, ಅದನ್ನು ಮುಂದುವರಿಸುವಂತೆ ಆ ಎರಡನೇ ಅರ್ಜಿಯಲ್ಲೇ ಕೇಳಬೇಕು.