ಮಗ್ ಮೇಲೆ ಮೂಡುವ ಹೆಸರು

ಒಂದು ಮಗ್ ಪ್ರೆಸ್, ಸಬ್ಲಿಮೇಷನ್ ಇಂಕಿನ ಪ್ರಿಂಟರ್ ಇದ್ದರೆ ಮನೆಯ ಮೂಲೆಯೇ ಅಂಗಡಿ. ಆದರೆ ಮಾಮೂಲಿ ಕಾಫಿ ಮಗ್ ಇದಕ್ಕೆ ಆಗದು. ಪಾಲಿಮರ್ ಲೇಪನದ ಬಿಳಿ ಮಗ್ಗೇ ಬೇಕು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕಾಗದದ ಮೇಲೆ ಮುದ್ರಿಸಿ, ಶಾಖ ತಡೆಯುವ ಟೇಪಿನಿಂದ ಮಗ್ಗಿಗೆ ಬಿಗಿಯಾಗಿ ಸುತ್ತಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ನಿಮಿಷ ಒತ್ತಬೇಕು. ಶಾಯಿ ಆವಿಯಾಗಿ ಲೇಪನದೊಳಗೆ ಇಳಿಯುತ್ತದೆ. ಬಣ್ಣ ಪೇಲವವಾದರೆ ಶಾಖ ಸಾಲಲಿಲ್ಲ. ಕಪ್ಪು ಕಂದಾಗಿ ಅಂಚು ಹರಡಿದರೆ ಹೆಚ್ಚಾಯಿತು.

ನಿಜವಾದ ತಲೆನೋವು ಕನ್ನಡ ಅಕ್ಷರದ್ದು. ವಾಟ್ಸಾಪ್‌ನಲ್ಲಿ ಬಂದ ‘ಲಕ್ಷ್ಮೀ’ಯನ್ನು ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಅಂಟಿಸಿದರೆ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ. ತಿರುಗಿಸಿದ ಮೇಲಂತೂ ತಪ್ಪು ಕಣ್ಣಿಗೇ ಬೀಳದು. ಅದಕ್ಕೂ ಮುಂಚೆಯೇ ಗಿರಾಕಿಗೆ ಕಳಿಸಿ ‘ಸರಿಯಿದೆ’ ಅನ್ನಿಸಿಕೊಳ್ಳಿ. ಒಮ್ಮೆ ಇಳಿದ ಶಾಯಿಯನ್ನು ಅಳಿಸಲು ಬಾರದು.