ಸರಾಸರಿ ಒಂದೇ, ತರಗತಿ ಬೇರೆ

25 ಅಂಕದ ಒಂದು ಕಿರುಪರೀಕ್ಷೆ. ಮೊದಲ ಗುಂಪಿನ ಐದು ಮಕ್ಕಳಿಗೆ 13, 14, 15, 16, 17 ಅಂಕ ಬಂದಿವೆ. ಎರಡನೆಯ ಗುಂಪಿಗೆ 5, 10, 15, 20, 25. ಎರಡರ ಸರಾಸರಿಯೂ 15. ಆದರೆ ಎರಡನೆಯ ಗುಂಪಿನಲ್ಲಿ ಒಂದು ಮಗು ಪೂರ್ತಿ ಅಂಕ ಪಡೆದಿದೆ, ಇನ್ನೊಂದಕ್ಕೆ ಪಾಠ ತಲೆಗೇ ಹತ್ತಿಲ್ಲ. ಸರಾಸರಿ ಮುಚ್ಚಿಟ್ಟ ಈ ಅಂತರವನ್ನು ತೋರಿಸುವುದೇ ಮಾನಕ ವಿಚಲನೆ.

ಎರಡನೆಯ ಗುಂಪನ್ನೇ ಲೆಕ್ಕ ಹಾಕೋಣ. ಪ್ರತಿ ಅಂಕದಿಂದ 15 ಕಳೆದರೆ -10, -5, 0, 5, 10. ಇವನ್ನು ಹಾಗೇ ಕೂಡಿದರೆ ಸೊನ್ನೆ. ಮೇಲಿನವರೂ ಕೆಳಗಿನವರೂ ಸರಿಹೋಗಿಬಿಡುತ್ತಾರೆ. ಅದಕ್ಕೇ ವರ್ಗ ಮಾಡುತ್ತೇವೆ: 100, 25, 0, 25, 100. ಒಟ್ಟು 250. ಐದರಿಂದ ಭಾಗಿಸಿದರೆ 50. ಅಂಕದ ಲೆಕ್ಕಕ್ಕೆ ಮರಳಲು ವರ್ಗಮೂಲ ತೆಗೆದರೆ ಸುಮಾರು 7.1. ಮೊದಲ ಗುಂಪಿಗೆ ಇದೇ ಲೆಕ್ಕ 1.4 ಮಾತ್ರ.

ನಮಗೆ ಬೇಕಾದದ್ದು ಈ ಐವರ ವಿಷಯವಷ್ಟೇ ಆಗಿದ್ದರೆ ಕೆಲಸ ಮುಗಿಯಿತು. ಆದರೆ ಸಾವಿರಾರು ಮಕ್ಕಳಲ್ಲಿ ಐವರನ್ನು ಚೀಟಿ ಎತ್ತಿ ಆರಿಸಿ, ಅವರ ಮೂಲಕ ಎಲ್ಲರ ಅಂಕಗಳ ಹರವನ್ನು ಅಂದಾಜು ಮಾಡುವುದಾದರೆ ಐದರ ಬದಲು ನಾಲ್ಕರಿಂದ ಭಾಗಿಸಬೇಕು. ಬಹಳ ಜನ ಈ ನಿಯಮವನ್ನು ಬಾಯಿಪಾಠ ಮಾಡಿ ಬಿಡುತ್ತಾರೆ. ಕಾರಣ ಸರಳವಾಗಿದೆ: ಎಲ್ಲರ ನಿಜವಾದ ಸರಾಸರಿ ನಮಗೆ ಗೊತ್ತಿಲ್ಲ, ಐವರ ಸರಾಸರಿಯನ್ನೇ ಅದರ ಜಾಗದಲ್ಲಿ ಇಟ್ಟುಕೊಂಡಿದ್ದೇವೆ. ಆ 15 ಈ ಐವರಿಂದಲೇ ಹುಟ್ಟಿದ್ದರಿಂದ ಅವರಿಗೆ ಅತಿ ಹತ್ತಿರ ನಿಲ್ಲುತ್ತದೆ. ನಿಜವಾದ ಸರಾಸರಿ 17 ಆಗಿದ್ದರೆ ವರ್ಗಗಳ ಮೊತ್ತ 270 ಆಗುತ್ತಿತ್ತು. 15 ಬಿಟ್ಟು ಬೇರೆ ಯಾವ ಸಂಖ್ಯೆ ಇಟ್ಟರೂ ಮೊತ್ತ 250ಕ್ಕಿಂತ ಹೆಚ್ಚೇ. ಅಂದರೆ ನಮ್ಮ ಅಳತೆ ಗಿಡ್ಡವಾಗುವ ಕಡೆಗೇ ವಾಲಿರುತ್ತದೆ.

ಎಷ್ಟು ಗಿಡ್ಡ? ದೊಡ್ಡದೊಂದು ಪರೀಕ್ಷೆಯಲ್ಲಿ ಅರ್ಧ ಮಕ್ಕಳಿಗೆ 10, ಉಳಿದ ಅರ್ಧಕ್ಕೆ 20 ಬಂದಿದೆ ಎನ್ನಿ. ಸರಾಸರಿ 15, ಎಲ್ಲರೂ ಅದರಿಂದ 5 ದೂರ. ವರ್ಗಗಳ ಸರಾಸರಿ 25. ಈಗ ಇಬ್ಬರನ್ನು ಆರಿಸಿ. 10-10, 10-20, 20-10, 20-20 ಎಂಬ ನಾಲ್ಕು ಜೋಡಿಗಳು ಸಮಾನವಾಗಿ ಸಾಧ್ಯ. ವರ್ಗಗಳ ಮೊತ್ತ ಕ್ರಮವಾಗಿ 0, 50, 50, 0. ಎರಡರಿಂದ ಭಾಗಿಸಿದರೆ 0, 25, 25, 0. ಇವುಗಳ ಸರಾಸರಿ 12.5, ನಿಜದ ಅರ್ಧ ಮಾತ್ರ. ಒಂದರಿಂದ ಭಾಗಿಸಿದರೆ 0, 50, 50, 0. ಸರಾಸರಿ ಸರಿಯಾಗಿ 25. ನನ್ನ ಮಟ್ಟಿಗೆ ಯಾವ ಸೂತ್ರಕ್ಕಿಂತಲೂ ಈ ನಾಲ್ಕು ಜೋಡಿಗಳೇ ಒಳ್ಳೆಯ ಪುರಾವೆ. ವರ್ಗಮೂಲ ತೆಗೆದ ಮೇಲೆ ಅಂದಾಜು ಸರಾಸರಿಯಲ್ಲಿ ಇನ್ನೂ ತುಸು ಕಡಿಮೆಯೇ ಉಳಿಯುತ್ತದೆ, ಅದು ನಿಜ.

ನಮ್ಮ ಐವರಿಗೆ ನಾಲ್ಕರಿಂದ ಭಾಗಿಸಿದರೆ 7.1ರ ಬದಲು 7.9 ಬರುತ್ತದೆ. ನೂರು ಮಕ್ಕಳಿದ್ದರೆ ವ್ಯತ್ಯಾಸ ಕಣ್ಣಿಗೇ ಬೀಳದು. ಎಕ್ಸೆಲ್‌ನಲ್ಲಿ ಲೆಕ್ಕ ಮಾಡುವವರು ಇಡೀ ತರಗತಿಯ ಅಂಕಗಳಿದ್ದರೆ `STDEV.P`, ಆರಿಸಿದ ಕೆಲವರದ್ದಾದರೆ `STDEV.S` ಬಳಸಿ.